ದಿನದ ಲೆಕ್ಕ, ಗಳಿಗೆಯ ಮಳೆ

ನಮ್ಮ ಚಿಕ್ಕಪ್ಪ ಮುಂಬೈಯ ಕುರ್ಲಾದಲ್ಲಿ ಹೋಟೆಲಲ್ಲಿದ್ದರು. 2005ರ ಜುಲೈ 26ರ ಸಂಜೆ ಗಲ್ಲಾಪೆಟ್ಟಿಗೆಯನ್ನು ತಲೆ ಮೇಲಿಟ್ಟುಕೊಂಡು ಎದೆಮಟ್ಟದ ನೀರಲ್ಲಿ ನಡೆದು ಪಾರಾದವರು. ಎರಡು ದಿನ ಅವರ ಸುದ್ದಿಯೇ ಇರಲಿಲ್ಲ, ಊರಲ್ಲಿ ಅಜ್ಜಿ ಊಟ ಬಿಟ್ಟು ಕೂತಿದ್ದರು. ಆಮೇಲೆ ಊರಿಗೆ ಬಂದಾಗ ನಾನು ಕೇಳಿದ ಪ್ರಶ್ನೆ ಒಂದೇ. "ಚಿಕ್ಕಪ್ಪ, ನಮ್ಮಲ್ಲೂ ಆಟಿ ತಿಂಗಳಲ್ಲಿ ಮಳೆ ಹೊಯ್ಯುತ್ತದಲ್ಲ, ನಮ್ಮ ತೋಡು ಯಾಕೆ ಹಾಗೆ ಮಾಡಲ್ಲ?" ಅವರು ನಕ್ಕು, "ಅಲ್ಲಿ ತೋಡು ಎಲ್ಲಿದೆ ಮಾರಾಯ, ಇರುವುದು ಗಟಾರ" ಅಂದರು.

ಆ ಉತ್ತರದಲ್ಲಿ ಅರ್ಧ ಸತ್ಯ ಇತ್ತು. ಉಳಿದರ್ಧ ಸಿಕ್ಕಿದ್ದು ನಾನು ಎಂಜಿನಿಯರಿಂಗ್ ಮುಗಿಸಿ ಸರ್ವರ್‌ಗಳನ್ನು ಕಾಯುವ ಕೆಲಸಕ್ಕೆ ಸೇರಿದ ಮೇಲೆ. ದಿನಕ್ಕೆ ಇಷ್ಟು ಲಕ್ಷ ಜನ ಬರುತ್ತಾರೆ ಅನ್ನುವ ಲೆಕ್ಕ ಇಟ್ಟುಕೊಂಡು ಸರ್ವರ್ ಕಟ್ಟಿದರೆ ಅದು ಬೀಳುವುದು ಖಂಡಿತ. ಜನ ದಿನವಿಡೀ ಸಮನಾಗಿ ಬರಲ್ಲ, ಒಂದೈದು ನಿಮಿಷದಲ್ಲಿ ಒಟ್ಟಿಗೆ ನುಗ್ಗುತ್ತಾರೆ. ಮಳೆಯೂ ಹಾಗೆಯೇ. ಇದನ್ನು ಚರಂಡಿ ಕಟ್ಟುವವರು ನಮಗಿಂತ ನೂರೈವತ್ತು ವರ್ಷ ಮೊದಲೇ ಕಲಿತಿದ್ದರು.

1851ರಲ್ಲಿ ಐರ್ಲೆಂಡಿನ ಥಾಮಸ್ ಮಲ್ವನಿ ಎಂಬ ಎಂಜಿನಿಯರ್ ತಾನಾಗಿಯೇ ಬರೆದುಕೊಳ್ಳುವ ಮಳೆಮಾಪಕಗಳ ಬಗ್ಗೆ ಒಂದು ಪ್ರಬಂಧ ಬರೆದರು. ಅದರ ತಿರುಳು ಸರಳ. ಒಂದು ಪ್ರದೇಶದ ಅತಿ ದೂರದ ಮೂಲೆಯಲ್ಲಿ ಬಿದ್ದ ಹನಿ ಚರಂಡಿಯ ಬಾಯಿಗೆ ಬರಲು ಒಂದಿಷ್ಟು ಹೊತ್ತು ಬೇಕು. ಅಷ್ಟು ಹೊತ್ತು ಮಳೆ ಸುರಿದರೆ ಮಾತ್ರ ಇಡೀ ಪ್ರದೇಶದ ನೀರು ಒಟ್ಟಿಗೆ ಆ ಬಾಯಲ್ಲಿ ಸೇರುತ್ತದೆ, ಹರಿವು ತುತ್ತತುದಿ ಮುಟ್ಟುತ್ತದೆ. ಅದಕ್ಕಿಂತ ಕಡಿಮೆ ಹೊತ್ತು ಸುರಿದರೆ ದೂರದ ನೀರು ಬರುವ ಮೊದಲೇ ಹತ್ತಿರದ ನೀರು ಹೋಗಿಬಿಟ್ಟಿರುತ್ತದೆ. 1889ರಲ್ಲಿ ಅಮೆರಿಕದ ರೋಚೆಸ್ಟರ್ ನಗರದಲ್ಲಿ ಎಮಿಲ್ ಕುಯಿಕ್ಲಿಂಗ್ ಇದೇ ಮಾತನ್ನು ಊರ ಚರಂಡಿಗಳಿಗೆ ಅನ್ವಯಿಸಿದರು. ಇವತ್ತಿಗೂ ಸಣ್ಣ ಬಡಾವಣೆಗಳ ಚರಂಡಿಗೆ ಬಳಸುವ ಸೂತ್ರ ಅಲ್ಲಿಂದಲೇ ಬಂದದ್ದು:

```
Q = C × i × A / 360
```

A ಅಂದರೆ ಹೆಕ್ಟೇರಿನಲ್ಲಿ ಜಾಗ. i ಅಂದರೆ ಗಂಟೆಗೆ ಇಷ್ಟು ಮಿ.ಮೀ. ಎಂಬ ಮಳೆಯ ಬಿರುಸು. C ಅಂದರೆ ಬಿದ್ದ ನೀರಲ್ಲಿ ನೆಲ ಕುಡಿಯದೆ ಹರಿದುಹೋಗುವ ಪಾಲು. Q ಅಂದರೆ ಸೆಕೆಂಡಿಗೆ ಹರಿಯುವ ನೀರು, ಘನ ಮೀಟರಿನಲ್ಲಿ.

ಇಲ್ಲಿ ಜಾಣತನ ಬೇಕಾದದ್ದು i ಆರಿಸುವುದರಲ್ಲಿ. ಮಳೆಗೆ ಒಂದು ಗುಣವಿದೆ: ಅತಿ ಬಿರುಸಾಗಿ ಬರುವುದು ಹೆಚ್ಚು ಹೊತ್ತು ನಿಲ್ಲಲ್ಲ, ಹೆಚ್ಚು ಹೊತ್ತು ಹಿಡಿದು ಬರುವುದು ಸರಾಸರಿಯಲ್ಲಿ ಅಷ್ಟು ಬಿರುಸಿರಲ್ಲ. ಆದ್ದರಿಂದ ನೀರು ಬಂದು ಸೇರಲು ಹದಿನೈದು ನಿಮಿಷ ಸಾಕಾಗುವ ಬಡಾವಣೆಗೆ ಹದಿನೈದು ನಿಮಿಷದ ಮಳೆಯ ಬಿರುಸನ್ನೇ ಹಿಡಿಯಬೇಕು. ಅಲ್ಲಿ ಗಂಟೆಯ ಸರಾಸರಿಯಿಂದ ಉಪಯೋಗವಿಲ್ಲ, ದಿನದ ಮೊತ್ತದಿಂದಂತೂ ಇಲ್ಲವೇ ಇಲ್ಲ.

ಈಗ ಮುಂಬೈಗೆ ಬರೋಣ. ಅಲ್ಲಿನ ಹಳೆಯ ಚರಂಡಿಗಳ ಲೆಕ್ಕ ಇದ್ದದ್ದು ಗಂಟೆಗೆ 25 ಮಿ.ಮೀ. ಮಳೆಗೆ, ಅದರಲ್ಲಿ ಅರ್ಧ ನೀರನ್ನು ನೆಲ ಕುಡಿಯುತ್ತದೆ ಅನ್ನುವ ನಂಬಿಕೆಗೆ, ಅದೂ ಸಮುದ್ರ ಇಳಿತದಲ್ಲಿರುವಾಗ. ಕಟ್ಟಿದ ಕಾಲಕ್ಕೆ ಅದು ದಡ್ಡತನವೇನಲ್ಲ. ತೋಟ, ಗದ್ದೆ, ಮಣ್ಣಿನ ಅಂಗಳ ಸಾಕಷ್ಟಿದ್ದವು.

ಹತ್ತು ಹೆಕ್ಟೇರಿನ ಒಂದು ಬಡಾವಣೆಯನ್ನು ಊಹಿಸಿಕೊಳ್ಳಿ. ಹಳೆಯ ಲೆಕ್ಕದಲ್ಲಿ C 0.5, i 25. ಗುಣಿಸಿ ಭಾಗಿಸಿದರೆ ಸೆಕೆಂಡಿಗೆ ಸುಮಾರು 350 ಲೀಟರ್. ಚರಂಡಿ ಅಷ್ಟಕ್ಕೆ ಕಟ್ಟಿದ್ದು. ಆಮೇಲೆ ಅಂಗಳಕ್ಕೆ ಕಾಂಕ್ರೀಟು, ರಸ್ತೆಗೆ ಡಾಂಬರು ಬಂತು, C 0.9 ಆಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವ ಇನ್ನೊಂದು ಪೆಟ್ಟಿದೆ. ನುಣುಪು ನೆಲದ ಮೇಲೆ ನೀರು ಓಡುತ್ತದೆ. ಮೊದಲು ಅರ್ಧ ಗಂಟೆ ಹಿಡಿಯುತ್ತಿದ್ದದ್ದು ಈಗ ಹದಿನೈದು ನಿಮಿಷಕ್ಕೆ ಬಂದು ಸೇರುತ್ತದೆ. ಅಂದರೆ ಮೊದಲು ಆ ಚರಂಡಿಗೆ ಲೆಕ್ಕಕ್ಕಿಲ್ಲದ ಹದಿನೈದು ನಿಮಿಷದ ಹುಚ್ಚು ಮಳೆ ಈಗ ಅದರ ಪಾಲಿಗೆ ಯಮನಾಗುತ್ತದೆ.

ಆ ಹದಿನೈದು ನಿಮಿಷದಲ್ಲಿ 20 ಮಿ.ಮೀ. ಸುರಿಯಿತು ಅನ್ನಿ. ಗಂಟೆಯ ಲೆಕ್ಕದಲ್ಲಿ ಅದು 80. ಸೂತ್ರಕ್ಕೆ ಹಾಕಿದರೆ ಸೆಕೆಂಡಿಗೆ 2,000 ಲೀಟರ್. ಚರಂಡಿ ಹೊರುವುದು 350. ಮಿಕ್ಕಿದ್ದು ರಸ್ತೆಗೆ. ಅದೇ 20 ಮಿ.ಮೀ. ನಾಲ್ಕು ಗಂಟೆ ಸೋನೆಯಾಗಿ ಬಂದಿದ್ದರೆ ಸೆಕೆಂಡಿಗೆ 125 ಲೀಟರ್, ಹಳೆಯ ಚರಂಡಿ ನಗುತ್ತಾ ಹೊತ್ತೊಯ್ಯುತ್ತಿತ್ತು. ಎರಡೂ ದಿನ ಪತ್ರಿಕೆಯಲ್ಲಿ ಬರುವುದು ಒಂದೇ ಸಾಲು: ನಿನ್ನೆಯ ಮಳೆ 20 ಮಿ.ಮೀ.

1985ರಲ್ಲಿ ಮುಂಬೈ ಮುಳುಗಿದ ಮೇಲೆ ಬ್ರಿಮ್‌ಸ್ಟೋವಾಡ್ ಎಂಬ ಅಧ್ಯಯನ ನಡೆಯಿತು. ಗಂಟೆಗೆ 50 ಮಿ.ಮೀ. ಹಿಡಿಯಿರಿ, ಬಿದ್ದ ನೀರೆಲ್ಲ ಹರಿಯುತ್ತದೆ ಎಂದೇ ಲೆಕ್ಕ ಹಾಕಿ ಎಂದು 1993ರ ವರದಿ ಹೇಳಿತು. ಮಳೆಯ ಅಂಕಿ ಎರಡು ಪಟ್ಟು, ಹರಿವ ಪಾಲು ಎರಡು ಪಟ್ಟು, ಒಟ್ಟು ನಾಲ್ಕು ಪಟ್ಟು ದೊಡ್ಡ ಚರಂಡಿ. ಹನ್ನೆರಡು ವರ್ಷವಾದರೂ ಹೆಚ್ಚಿನ ಕೆಲಸ ಕಾಗದದಲ್ಲೇ ಇತ್ತು. ಅಷ್ಟರಲ್ಲಿ 2005 ಬಂತು.

ಆ ದಿನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಅದೇ ಹೊತ್ತಿಗೆ ಅದೇ ನಗರದ ಕೊಲಾಬಾದಲ್ಲಿ ಬರೀ 74. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು 944 ಅಲ್ಲ, ಮಧ್ಯಾಹ್ನದ ಒಂದೇ ಗಂಟೆಯಲ್ಲಿ ಬಿದ್ದ ಸುಮಾರು 190. ಅದರ ಜೊತೆಗೆ ಸಮುದ್ರ ಉಬ್ಬರದಲ್ಲಿತ್ತು. ಮುಂಬೈಯ ಬಹುತೇಕ ಚರಂಡಿಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಬಾಯಿ ಮುಚ್ಚಿದ ಕೊಳವೆ ಎಷ್ಟು ದೊಡ್ಡದಾದರೇನು? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ವರದಿಯ 50 ಮಿ.ಮೀ. ಚರಂಡಿ ಪೂರ್ತಿ ಕಟ್ಟಿದ್ದರೂ ಆ ದಿನ ಚಿಕ್ಕಪ್ಪನ ಹೋಟೆಲ್ ಮುಳುಗುತ್ತಿತ್ತು. ಯಾವ ಚರಂಡಿಯನ್ನೂ ಎಲ್ಲಾ ಮಳೆಗೂ ಕಟ್ಟಲಾಗದು. ಎಷ್ಟು ವರ್ಷಕ್ಕೊಮ್ಮೆ ತುಂಬಿ ಹರಿದರೆ ಸಹಿಸುತ್ತೇವೆ ಎಂದು ಊರು ತೀರ್ಮಾನಿಸಬೇಕು, ಅದನ್ನು ಮೀರಿದ ನೀರಿಗೆ ನಿಲ್ಲಲು ಕೆರೆಯನ್ನೋ ಮೈದಾನವನ್ನೋ ಬಿಡಬೇಕು. ನಮ್ಮೂರ ಮಜಲು ಗದ್ದೆಗಳು ಮಾಡುತ್ತಿದ್ದದ್ದು ಅದನ್ನೇ. ಹುಣಿಯ ಒಳಗೆ ಒಂದು ಗೇಣು ನೀರು ಹಿಡಿದು, ತೋಡಿಗೆ ತಡವಾಗಿ ಬಿಡುತ್ತಿದ್ದವು. ಗದ್ದೆ ಇದ್ದಲ್ಲಿ C ಕಡಿಮೆ, ನೀರು ಸೇರುವ ಹೊತ್ತು ಹೆಚ್ಚು. ಅಜ್ಜನಿಗೆ ಸೂತ್ರ ಗೊತ್ತಿರಲಿಲ್ಲ ಅಷ್ಟೇ.

2005ರ ನಂತರ ಮುಂಬೈಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಅಳೆಯುವ ಮಳೆಮಾಪಕಗಳನ್ನು ಊರ ತುಂಬ ಹಾಕಿದರು. ಮಲ್ವನಿ ಬರೆದು ನೂರೈವತ್ತು ವರ್ಷ ದಾಟಿತ್ತು.

ನಿಮ್ಮ ಬೀದಿಯಲ್ಲಿ ನೀರು ನಿಂತರೆ ಗಡಿಯಾರ ನೋಡಿ. ಮಳೆ ನಿಂತ ಇಪ್ಪತ್ತು-ಮೂವತ್ತು ನಿಮಿಷಕ್ಕೆ ಇಳಿದುಹೋದರೆ ಚರಂಡಿ ಕೆಲಸ ಮಾಡುತ್ತಿದೆ, ಗಾತ್ರ ಸಾಲದು. ಗಂಟೆಗಟ್ಟಲೆ ಕದಲದಿದ್ದರೆ ಎಲ್ಲೋ ಹೂಳು ಕಟ್ಟಿದೆ, ಇಲ್ಲವೇ ಕೆಳಗಿನ ಬಾಯಿ ಮುಳುಗಿದೆ. ಮೊದಲನೆಯದಕ್ಕೆ ಹೂಳೆತ್ತಿ ಪ್ರಯೋಜನವಿಲ್ಲ, ಎರಡನೆಯದಕ್ಕೆ ಈ ಬೀದಿಯಲ್ಲಿ ದೊಡ್ಡ ಕೊಳವೆ ಹಾಕಿ ಪ್ರಯೋಜನವಿಲ್ಲ.

ಚಿಕ್ಕಪ್ಪ ಈಗ ಊರಲ್ಲೇ ಇದ್ದಾರೆ. ಮನೆ ಮುಂದಿನ ಗದ್ದೆಗೆ ಮಣ್ಣು ತುಂಬಿ ಸೈಟು ಮಾಡಿ ಮಾರೋಣ ಅಂತ ಮೊನ್ನೆ ಒಬ್ಬರು ಬಂದಿದ್ದರಂತೆ. "ನೀರು ಎಲ್ಲಿ ಹೋಗ್ತದೆ ಅಂತ ಕೇಳಿದೆ, ಮೋರಿ ಮಾಡಿಸ್ತೇವೆ ಅಂದ್ರು" ಎಂದರು ಫೋನಿನಲ್ಲಿ. "ಎಷ್ಟು ಮಳೆಗೆ ಅಂತ ಕೇಳಿ" ಅಂದೆ.