ಗೀತರಚನೆಯಲ್ಲಿ ನೀಳ ಸ್ವರಕ್ಕೆ ಪದಗಳ ಆಯ್ಕೆ

ಗಾಯಕರು ಎಳೆದು ನಿಲ್ಲಿಸುವ ಸ್ವರದ ಸ್ಥಾನದಲ್ಲಿ ಆ, ಏ, ಓ ಮುಂತಾದ ತೆರೆದ ಉಚ್ಚಾರಣೆಯ ಅಕ್ಷರಗಳುಳ್ಳ ಪದಗಳನ್ನು ಇರಿಸುವುದು ಗೀತರಚನೆಯ ಒಂದು ಕ್ರಮ. ‘ಈ’ ಎನ್ನುವಾಗ ನಾಲಿಗೆ ಮೇಲೇರುತ್ತದೆ, ‘ಊ’ ಎನ್ನುವಾಗ ತುಟಿ ಕಿರಿದಾಗುತ್ತದೆ. ತಾರಸ್ಥಾಯಿಯಲ್ಲಿ ಇವನ್ನು ಎಳೆಯಲು ಬಾಯಿ ಅಗಲಿಸಿದರೆ ಅಕ್ಷರವೇ ಬದಲಾದಂತೆ ಕೇಳುತ್ತದೆ.

ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುವುದರಿಂದ ಅನೇಕ ಸಾಲುಗಳು ಉಕಾರದಲ್ಲಿ ಮುಗಿಯುತ್ತವೆ. ‘ಮಗನು ಊರಿಗೆ ಬಂದನು’ ಎಂಬ ಸಾಲಿನ ಕೊನೆಯನ್ನು ಎಳೆದರೆ ಇಕ್ಕಟ್ಟಾದ ‘ನೂ’ ಉಳಿಯುತ್ತದೆ. ‘ಊರಿಗೆ ಮಗ ಬಂದ’ ಎಂದು ಬದಲಿಸಿದರೆ ಕೊನೆಯ ಅಕಾರವು ‘ಬಂದಾ’ ಎಂದು ಸಲೀಸಾಗಿ ನಿಲ್ಲುತ್ತದೆ.

ಪದದ ಮೊದಲಿನ ಹ್ರಸ್ವವನ್ನು ಎಳೆದರೆ ಅರ್ಥ ಕೆಡಬಹುದು. ‘ಬಳೆ’ಯು ‘ಬಾಳೆ’ಯಾಗಿ ಕೇಳುತ್ತದೆ. ಅಂಥ ಸ್ಥಾನಕ್ಕೆ ‘ಬಾನು’, ‘ತಾಯಿ’ ಇವುಗಳಂತೆ ಮೊದಲೇ ದೀರ್ಘವುಳ್ಳ ಪದ ಹೊಂದುತ್ತದೆ.