ನೈಟ್ ಡ್ಯೂಟಿ ಮಾಡುವವರಿಗೆ ಬೆಳಗಿನ ಜಾವದ ಕಾಫಿ ಒಳ್ಳೆಯದೇ?

ಕಳಸದಲ್ಲಿ ಕಾಫಿ ಬೇಡ ಅನ್ನುವುದು ಕಷ್ಟ. ಆದರೆ ಹೊತ್ತು ನೋಡಿ ಕುಡಿಯಬೇಕು. ನರ್ಸ್ ಒಬ್ಬರ ರಾತ್ರಿ ಪಾಳಿ ಬೆಳಗ್ಗೆ 8ಕ್ಕೆ ಮುಗಿಯುತ್ತದೆ ಎಂದುಕೊಳ್ಳಿ. 4 ಗಂಟೆಗೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಸುಮಾರು ಅರ್ಧದಷ್ಟು, 9ಕ್ಕೆ ಮಲಗುವಾಗಲೂ ದೇಹದಲ್ಲಿ ಉಳಿದಿರುತ್ತದೆ. ನಿದ್ದೆ ಬಂದರೂ ಗಾಢವಾಗಿರುವುದಿಲ್ಲ. ಕೊನೆಯ ಲೋಟ ರಾತ್ರಿ 1 ಗಂಟೆಯೊಳಗೆ ಮುಗಿಯಲಿ. ಚಿಕೋರಿ ಬೆರೆಸಿದ್ದರೂ ಇದೇ ಲೆಕ್ಕ.

ಮನೆಗೆ ಹೋಗುವಾಗ ಬೀಳುವ ಬೆಳಗಿನ ಬಿಸಿಲು ಮೆದುಳಿಗೆ ‘ಹಗಲಾಯಿತು’ ಅನ್ನುತ್ತದೆ. ಬಸ್ಸಿನಲ್ಲಿ ಹೋಗುವವರು ಕಪ್ಪು ಕನ್ನಡಕ ಹಾಕಿ, ಮನೆಯಲ್ಲಿ ದಪ್ಪ ಪರದೆ ಎಳೆದು ಮಲಗಿ. ಬೈಕಿನವರಿಗೆ ಕನ್ನಡಕದ ಸಲಹೆ ಬೇಡ. ತೂಕಡಿಕೆ ಇದ್ದರೆ ಹೊರಡುವ ಮೊದಲು 20 ನಿಮಿಷ ಅಲ್ಲೇ ಮಲಗಿ.

ಪಾಳಿ ಎರಡು-ಮೂರು ರಾತ್ರಿಗೇ ಬದಲಾಗುವುದಾದರೆ ದೇಹದ ಗಡಿಯಾರ ಪೂರ್ತಿ ತಿರುಗುವುದಿಲ್ಲ. ಮೊದಲ ರಾತ್ರಿಗೆ ಮುಂಚೆ ಮಧ್ಯಾಹ್ನವೇ ಒಂದೂವರೆ ಗಂಟೆ ಮಲಗಿ. ಊಟ ಪಾಳಿಗೆ ಮೊದಲೇ ಆಗಲಿ: ನಡುರಾತ್ರಿ ಉಂಡ ಅನ್ನ ರಕ್ತದ ಸಕ್ಕರೆಯನ್ನು ಹಗಲಿಗಿಂತ ಹೆಚ್ಚು ಏರಿಸುತ್ತದೆ.