ಒಂದು ಡಿಗ್ರಿಯ ಬೆಲೆ: ಡಿಸ್ಟ್ರಿಕ್ಟ್ ಕೂಲಿಂಗ್‌ನ ನೆಲಮಾಳಿಗೆ ಕೋಣೆ

ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ 1962ರಲ್ಲಿ ಒಂದೇ ಸ್ಥಾವರದಿಂದ ಹಲವು ಕಟ್ಟಡಗಳಿಗೆ ತಣ್ಣೀರು ಹರಿಸಿ ಮಾರುವ ವ್ಯವಸ್ಥೆ ಶುರುವಾಯಿತು. ಕಟ್ಟಡಗಳು ಗಿಡ್ಡವಾಗಿದ್ದರೆ ಬೀದಿಯ ಪೈಪಿನ ನೀರನ್ನೇ ನೇರವಾಗಿ ಎ.ಸಿ. ಕಾಯಿಲ್‌ಗಳಿಗೆ ಬಿಡಬಹುದು. ಆದರೆ ಈ ಪದ್ಧತಿ ಕೊಲ್ಲಿ ದೇಶಗಳ ಗೋಪುರಗಳಿಗೆ ಬಂದಾಗ ಲೆಕ್ಕ ಬದಲಾಯಿತು. 300 ಮೀಟರ್ ಎತ್ತರದ ಕಟ್ಟಡದ ನೀರು ಬುಡದಲ್ಲಿ ಸುಮಾರು 30 ಬಾರ್ ಒತ್ತಡ ಹಾಕುತ್ತದೆ. ಆ ಒತ್ತಡವನ್ನು ಊರಿನ ಜಾಲದ ಮೇಲೆ ಹೇರುವಂತಿಲ್ಲ. ಹೀಗಾಗಿ ಎರಡು ನೀರುಗಳನ್ನು ಬೆರೆಸದೆ ಶಾಖವನ್ನು ಮಾತ್ರ ದಾಟಿಸುವ ಎನರ್ಜಿ ಟ್ರಾನ್ಸ್‌ಫರ್ ಸ್ಟೇಷನ್, ಅಂದರೆ ನೆಲಮಾಳಿಗೆಯ ಇ.ಟಿ.ಎಸ್. ಕೋಣೆ, ಅಲ್ಲಿ ರೂಢಿಯಾಯಿತು.

ಅದರ ಹೃದಯವಾದ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಬಂದದ್ದು ಡೇರಿಯಿಂದ. 1923ರಲ್ಲಿ ಇಂಗ್ಲೆಂಡಿನ ರಿಚರ್ಡ್ ಸೆಲಿಗ್ಮನ್ ಅದನ್ನು ಹಾಲು ಪಾಶ್ಚರೀಕರಿಸಲು ರೂಪಿಸಿದರು. ಸುಕ್ಕುಗಟ್ಟಿದ ತೆಳು ತಗಡುಗಳ ನಡುವೆ ಒಂದು ಬದಿ ಬಿಸಿ ಹಾಲು, ಇನ್ನೊಂದು ಬದಿ ತಣ್ಣೀರು, ಎದುರುಬದುರು ಹರಿವು. ಎರಡು ದ್ರವಗಳ ಉಷ್ಣತೆಯನ್ನು ಒಂದು ಡಿಗ್ರಿಯಷ್ಟು ಹತ್ತಿರ ತರುವ ಅದರ ಶಕ್ತಿ ಇಲ್ಲಿ ಕೆಲಸಕ್ಕೆ ಬಂತು.

ಸಾವಿರ ಟನ್ನಿನ, ಅಂದರೆ 3517 ಕಿಲೋವಾಟ್‌ನ ಕಟ್ಟಡವೊಂದನ್ನು ತೆಗೆದುಕೊಳ್ಳೋಣ. ಜಾಲದ ನೀರು 4.5 ಡಿಗ್ರಿಯಲ್ಲಿ ಬಂದು 13.5ರಲ್ಲಿ ಮರಳಬೇಕು. ಕಟ್ಟಡದ ನೀರು 14.5ರಲ್ಲಿ ಬಂದು 5.5ಕ್ಕೆ ಇಳಿಯಬೇಕು. ಎರಡೂ ತುದಿಯಲ್ಲಿ ಅಂತರ ಒಂದೇ ಡಿಗ್ರಿ. ಚದರ ಮೀಟರಿಗೆ, ಡಿಗ್ರಿಗೆ 5000 ವಾಟ್ ದಾಟುತ್ತದೆ ಎಂದರೆ ಸುಮಾರು 700 ಚದರ ಮೀಟರ್ ಪ್ಲೇಟು ಬೇಕು. ಅಂತರ ಎರಡು ಡಿಗ್ರಿಯಾದರೆ ಅದರ ಅರ್ಧ ಸಾಕು. ಆಗ ಖರೀದಿಯಲ್ಲಿ ಹಣ ಉಳಿಯುತ್ತದೆ ನಿಜ, ಆದರೆ ಕಳೆದುಕೊಂಡ ಆ ಒಂದು ಡಿಗ್ರಿಯನ್ನು ಕಟ್ಟಡ ಇರುವಷ್ಟು ಕಾಲ ಯಾರಾದರೂ ತುಂಬಿಕೊಡುತ್ತಲೇ ಇರಬೇಕು. ನನ್ನ ಮಟ್ಟಿಗೆ ಇದು ನಷ್ಟದ ವ್ಯಾಪಾರ.

ಹಾಗೆಂದು ಪ್ಲೇಟನ್ನು ಬೇಕಾಬಿಟ್ಟಿ ಹೆಚ್ಚಿಸುವಂತೆಯೂ ಇಲ್ಲ. ಹಳೆಯ ಶೆಲ್-ಟ್ಯೂಬ್ ಕಾಲದ ಕೊಳೆ ಅಂಶವನ್ನು ಇಲ್ಲಿ ಹಾಗೇ ಹಾಕಿದರೆ ವಿಸ್ತಾರ ಒಂದೂವರೆ ಪಟ್ಟಾಗಬಹುದು. ಅಷ್ಟು ಪ್ಲೇಟುಗಳ ನಡುವೆ ನೀರಿನ ವೇಗ ಕುಗ್ಗಿ, ಯಾವ ಕೊಳೆಗೆ ಹೆದರಿ ವಿಸ್ತಾರ ಹೆಚ್ಚಿಸಿದೆವೋ ಅದೇ ಕೊಳೆ ಕೂರುತ್ತದೆ. ಐದು-ಹತ್ತು ಶೇಕಡ ಹೆಚ್ಚುವರಿ, ಮುಂದೆ ಒಳ್ಳೆಯ ಸ್ಟ್ರೈನರ್, ಇಷ್ಟು ಸಾಕು.

1990ರ ದಶಕದ ಕೊನೆಯಿಂದ ಈ ಕ್ಷೇತ್ರದ ಚರ್ಚೆ ಮರಳುವ ನೀರಿನತ್ತ ಹೊರಳಿತು. ಫಿಯೊರಿನೊ, ಸ್ಟೀವನ್ ಟೇಲರ್ ಮುಂತಾದ ಎಂಜಿನಿಯರುಗಳು ‘ಲೋ ಡೆಲ್ಟಾ-ಟಿ’ ಏಕೆ ಬರುತ್ತದೆಂದು ಬಿಡಿಸಿ ಬರೆದರು. ನಮ್ಮ ಕಟ್ಟಡದಲ್ಲಿ ಒಂಬತ್ತು ಡಿಗ್ರಿಯ ವ್ಯತ್ಯಾಸವಿದ್ದರೆ ಗಂಟೆಗೆ 336 ಘನ ಮೀಟರ್ ನೀರು ಸಾಕು. ಅದು ಆರಕ್ಕೆ ಇಳಿದರೆ ಅಷ್ಟೇ ತಂಪಿಗೆ 504 ಬೇಕು. ಪಂಪು, ಪೈಪು, ಸಂಗ್ರಹದ ಟ್ಯಾಂಕು ಎಲ್ಲದರ ಸಾಮರ್ಥ್ಯವನ್ನೂ ಇದು ತಿನ್ನುತ್ತದೆ. ಅದಕ್ಕೇ ಒಪ್ಪಂದಗಳಲ್ಲಿ ಮರಳುವ ನೀರಿನ ಕನಿಷ್ಠ ಉಷ್ಣತೆ ಬರೆದು, ತಪ್ಪಿದರೆ ದಂಡ ಹಾಕುವ ಪದ್ಧತಿ ಬಂತು.

ಈ ಗುರಿ ಕೊನೆಗೆ ನಿಲ್ಲುವುದು ಕಂಟ್ರೋಲ್ ವಾಲ್ವ್ ಮೇಲೆ. ಎಕ್ಸ್‌ಚೇಂಜರ್ ಎರಡಾದರೆ ಒಂದೊಂದಕ್ಕೆ ಗಂಟೆಗೆ 168 ಘನ ಮೀಟರ್. ಪೈಪು 200 ಮಿ.ಮೀ. ಎಂದು ಅದೇ ಅಳತೆಯ, 630 ಕೆ.ವಿ.ಯ ವಾಲ್ವ್ ಹಾಕಿದರೆ ಪೂರ್ತಿ ತೆರೆದಾಗ ಅದರಲ್ಲಿ ಇಳಿಯುವ ಒತ್ತಡ ಬರೀ 0.07 ಬಾರ್. ಎಕ್ಸ್‌ಚೇಂಜರ್ ಮತ್ತು ಪೈಪಿನಲ್ಲಿ ಒಂದು ಬಾರ್ ಇಳಿಯುತ್ತಿರುವಾಗ ಅಂಥ ವಾಲ್ವಿನ ಮಾತನ್ನು ಹರಿವು ಕೇಳುವುದಿಲ್ಲ. ಸ್ವಲ್ಪ ತೆರೆದರೂ ನೀರು ನುಗ್ಗುತ್ತದೆ. ಕೆ.ವಿ. 160 ಇರುವ, 100 ಮಿ.ಮೀ. ವಾಲ್ವಿನಲ್ಲಿ 1.1 ಬಾರ್ ಇಳಿಯುತ್ತದೆ, ಅಂದರೆ ಒಟ್ಟು ಇಳಿತದ ಅರ್ಧ. ಹಿಡಿತ ಸಿಗುವುದು ಇಲ್ಲಿ. ಸ್ಥಾವರದ ಪಕ್ಕದ ಕಟ್ಟಡದಲ್ಲಿ ಒತ್ತಡ ಹೆಚ್ಚು, ತುದಿಯದರಲ್ಲಿ ಕಡಿಮೆ. ಜಾಲದ ಒತ್ತಡ ಏರಿಳಿದರೂ ಹರಿವು ಅಲುಗದ ‘ಪಿ.ಐ.ಸಿ.ವಿ.’ ಬಗೆಯ ವಾಲ್ವುಗಳು ಬಂದದ್ದು ಈ ಕಾರಣಕ್ಕೆ. ಆದರೆ ಅವಕ್ಕೂ ಒಂದು ಕನಿಷ್ಠ ಒತ್ತಡ ಬೇಕು. ಆದ್ದರಿಂದ ಆಯ್ಕೆಯನ್ನು ತುದಿಯ ಕಟ್ಟಡದ ಅತಿ ಕಡಿಮೆ ಒತ್ತಡದಲ್ಲೇ ಪರೀಕ್ಷಿಸಬೇಕು.

ಎಲ್ಲ ಸರಿಯಿದ್ದರೂ ಒಂದು ಸೆಟ್ ಪಾಯಿಂಟ್ ಕೋಣೆಯನ್ನೇ ಕೆಡಿಸಬಹುದು. ಕಟ್ಟಡದ ಬದಿಗೆ 5.5 ಡಿಗ್ರಿ ಬೇಕೆಂದು ಇಟ್ಟಿದ್ದೇವೆ, ಅಂದು ಜಾಲದ ನೀರೇ 5.5ರಲ್ಲಿ ಬಂತು ಎನ್ನಿ. ಆ ಗುರಿ ಎಂದೂ ಸಿಗದು. ಸಿಕ್ಕೀತೆಂದು ವಾಲ್ವ್ ನೂರು ಶೇಕಡ ತೆರೆದು ನಿಲ್ಲುತ್ತದೆ. ಆಗ ಮರಳುವ ಎರಡು ಪೈಪುಗಳ ಥರ್ಮಾಮೀಟರ್ ನೋಡಬೇಕು. ಕಟ್ಟಡದಿಂದ ಬರುವ ನೀರು 13 ಇದ್ದು ಜಾಲಕ್ಕೆ ಹೋಗುವುದು 9 ಇದ್ದರೆ ತಪ್ಪು ಈ ಕೋಣೆಯದೇ: ಸೆಟ್ ಪಾಯಿಂಟ್, ವಾಲ್ವ್ ಅಥವಾ ಕೊಳೆ ಹಿಡಿದ ಪ್ಲೇಟು. ಕೊಳೆಯಾದರೆ ಅದೇ ಹರಿವಿಗೆ ಪ್ಲೇಟುಗಳಲ್ಲಿ ಒತ್ತಡದ ಇಳಿತವೂ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಕಟ್ಟಡದ ನೀರೇ 9.5ರಲ್ಲಿ ಬರುತ್ತಿದ್ದರೆ ಹುಡುಕಬೇಕಾದ್ದು ಮೇಲಿನ ಮಹಡಿಗಳಲ್ಲಿ, ಮೂರು ದಾರಿಯ ವಾಲ್ವುಗಳಲ್ಲಿ, ಮುಚ್ಚದೆ ಬಿಟ್ಟ ಬೈಪಾಸ್‌ನಲ್ಲಿ. ಸೆಟ್ ಪಾಯಿಂಟಿನ ತಪ್ಪಿಗೆ ಮದ್ದು ಸುಲಭ. ಅದನ್ನು ಜಾಲದಿಂದ ಬರುವ ನೀರಿಗಿಂತ ಸದಾ ಒಂದು ಡಿಗ್ರಿ ಮೇಲಿರುವಂತೆ ಕಂಟ್ರೋಲರ್‌ನಲ್ಲಿ ಬರೆದಿಟ್ಟರೆ, ವಾಲ್ವ್ ತಾನಾಗಿ ಮುಚ್ಚಿಕೊಳ್ಳತೊಡಗುತ್ತದೆ.